ಹೆಸರು ಅಳಿಸಿದರೂ ಫೈಲಿನಲ್ಲಿ ಉಳಿಯುವ ಮನೆ

ಒಂದು ಉದಾಹರಣೆ ಇಟ್ಟುಕೊಳ್ಳೋಣ. ಮೈಸೂರಿನ 14 ವರ್ಷದ ಓಟಗಾರ್ತಿ. ಬೆಳಿಗ್ಗೆ ಸರಸ್ವತಿಪುರಂನ ಮನೆ ಗೇಟಿನಲ್ಲೇ ಜಿಪಿಎಸ್ ವಾಚ್ ಒತ್ತುತ್ತಾಳೆ, ಕುಕ್ಕರಹಳ್ಳಿ ಕೆರೆ ಸುತ್ತಿ ಬಂದು ಅದೇ ಗೇಟಿನಲ್ಲಿ ನಿಲ್ಲಿಸುತ್ತಾಳೆ. ವಾಚ್ ದಾಖಲಿಸಿದ ಓಟದ ಫೈಲನ್ನು ಕೋಚ್ ಎಲ್ಲರಿಂದಲೂ ವಾಟ್ಸಾಪ್ ಗುಂಪಿಗೆ ಹಾಕಿಸುತ್ತಾರೆ. ಹೆಸರು ಮಾತ್ರ ಬೇಡ, "ಓಟಗಾರ್ತಿ 7" ಸಾಕು ಅಂತಾರೆ.

ಆ ಫೈಲನ್ನು ಯಾರಾದರೂ ತೆರೆದರೆ ಇಂಥ ಸಾಲುಗಳು ಕಾಣುತ್ತವೆ:

```
<trkpt lat="12.30900" lon="76.63300">
  <time>2025-06-10T00:05:20Z</time>
</trkpt>
```

ಕೊನೆಯ Z ಅಂದರೆ ಯುಟಿಸಿ ಸಮಯ. ಐದೂವರೆ ಗಂಟೆ ಕೂಡಿಸಿದರೆ ನಮ್ಮ ಬೆಳಿಗ್ಗೆ 5:35. lat, lon ಅಂದರೆ ಅಕ್ಷಾಂಶ, ರೇಖಾಂಶ. ಅವುಗಳ ದಶಮಾಂಶದ ಐದನೇ ಅಂಕಿ ಸುಮಾರು ಒಂದು ಮೀಟರ್‌ಗೆ ಸಮ. ಜಿಪಿಎಸ್ ಕೆಲವು ಮೀಟರ್ ತಪ್ಪಬಹುದು, ಆದರೆ ಹತ್ತು ದಿನದ ಫೈಲುಗಳ ಮೊದಲ ಬಿಂದುಗಳು ಒಂದೇ ಕಡೆ ಗುಂಪುಗೂಡುತ್ತವೆ. ಮನೆ ಯಾವುದು, ಹುಡುಗಿ ಯಾವಾಗ ಒಬ್ಬಳೇ ಹೊರಡುತ್ತಾಳೆ, ಎರಡೂ ಗೊತ್ತಾಯಿತು. ಹೆಸರು ಯಾಕೆ ಬೇಕು, ಅಲ್ವಾ?

ಕೆಲವು ಆ್ಯಪ್‌ಗಳಲ್ಲಿ ಮನೆ ಸುತ್ತ ಒಂದು ವೃತ್ತದೊಳಗಿನ ದಾರಿಯನ್ನು ಮರೆಮಾಡಬಹುದು. ಒಳ್ಳೆಯದೇ. ಆದರೆ ಬೇರೆ ಬೇರೆ ದಿಕ್ಕಿಗೆ ಓಡಿದ ದಿನಗಳಲ್ಲಿ ದಾರಿ ಎಲ್ಲೆಲ್ಲಿ ಕತ್ತರಿಸಿದೆ ಎಂದು ಗುರುತು ಹಾಕಿದರೆ ವೃತ್ತದ ಅಂಚು ಸಿಗುತ್ತದೆ, ಅಂಚಿನಿಂದ ನಡುವನ್ನು ಊಹಿಸಬಹುದು. ಮೇಲಾಗಿ ಆ ಮರೆ ಆ್ಯಪ್‌ನ ನಕ್ಷೆಗೆ. ವಾಚಿನಿಂದ ನೇರ ತೆಗೆದ ಫೈಲಿನಲ್ಲಿ ಎಲ್ಲವೂ ಹಾಗೇ ಇರುತ್ತದೆ.

ಹಾಗಾಗಿ ನನ್ನ ಪ್ರಕಾರ ಮೊದಲ ಕೆಲಸ, ವಾಚನ್ನು ಕೆರೆಯ ಗೇಟಿನಲ್ಲಿ ಒತ್ತಿಸುವುದು. ಎರಡನೆಯದು, ಕೋಚ್‌ಗೆ ನಿಜಕ್ಕೂ ಬೇಕಿರುವುದು ದೂರ, ಸಮಯ, ನಾಡಿಬಡಿತ ಮಾತ್ರ, ನಕ್ಷೆ ಅಲ್ಲ. ಆ ಮೂರನ್ನು "ಓಟಗಾರ್ತಿ 7" ಎಂಬಂಥ ಸಂಕೇತದ ಜೊತೆ ಒಂದು ಶೀಟಿಗೆ ಬರೆದು, ಮೂಲ ಫೈಲು ಅಳಿಸಿಬಿಡಬಹುದು. ಯಾವ ಸಂಕೇತ ಯಾರದು ಎಂಬ ಪಟ್ಟಿ ಬೇರೆ ಕಡೆ, ಪಾಸ್‌ವರ್ಡ್ ಹಿಂದೆ ಇರಲಿ. ಎರಡೂ ಒಂದೇ ಫೋಲ್ಡರಿನಲ್ಲಿದ್ದರೆ ಸಂಕೇತ ಸುಮ್ನೆ ಅಲಂಕಾರ. ವಾಟ್ಸಾಪ್ ಗುಂಪಂತೂ ಬೇಡ: ಒಮ್ಮೆ ಹೋದ ಫೈಲು ಪ್ರತಿಯೊಬ್ಬರ ಫೋನಿನಲ್ಲೂ ಇಳಿದಿರಬಹುದು.

ಇನ್ನು ಒಪ್ಪಿಗೆ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯಲ್ಲಿ 18 ತುಂಬದವರೆಲ್ಲ ಮಕ್ಕಳೇ. ಅಪ್ಪ, ಅಮ್ಮ ಅಥವಾ ಪೋಷಕರ ಒಪ್ಪಿಗೆ ಬೇಕು, ಅದನ್ನು ಪರಿಶೀಲಿಸುವಂತಿರಬೇಕು. ಕೊಟ್ಟಷ್ಟೇ ಸುಲಭವಾಗಿ ವಾಪಸ್ ಪಡೆಯುವಂತೆಯೂ ಇರಬೇಕು. ಇದರ ನಿಯಮಗಳು 2025ರ ನವೆಂಬರ್‌ನಲ್ಲಿ ಬಂದವು, ಜಾರಿ ಹಂತ ಹಂತವಾಗಿ. "ಕ್ರೀಡಾ ಚಟುವಟಿಕೆಗೆ ಒಪ್ಪಿಗೆ ಇದೆ" ಎಂಬ ಒಂದೇ ಸಾಲಿನ ಚೀಟಿ ಸಾಲದು. ಏನು ದಾಖಲಿಸುತ್ತೀರಿ, ಯಾರು ನೋಡುತ್ತಾರೆ, ಯಾವಾಗ ಅಳಿಸುತ್ತೀರಿ ಎಂದು ಕನ್ನಡದಲ್ಲೇ ಬರೆಯಿರಿ. ನಾಡಿಬಡಿತಕ್ಕೆ ಬೇರೆ ಟಿಕ್ ಇಡಿ, ಅದು ಬೇಡ ಅಂದವಳನ್ನೂ ತಂಡದಿಂದ ಕೈಬಿಡುವುದಿಲ್ಲ ಎಂದು ಕೆಳಗೆ ಸೇರಿಸಿ. ಇಲ್ಲದಿದ್ದರೆ ಯಾವ ಅಮ್ಮ ತಾನೇ ಬೇಡ ಅಂತಾರೆ?