ಗೇಮ್‌ಗಳೊಳಗಿನ ಗುಟ್ಟುಗಳು ಎಲ್ಲಿ ಹೋದವು?

ಅಟಾರಿ ಕಂಪನಿಯ ಗೇಮ್ ಯಂತ್ರ ಅಟಾರಿ 2600ಕ್ಕೆ 1980ರಲ್ಲಿ ಬಂದ 'ಅಡ್ವೆಂಚರ್' ಗೇಮ್‌ನ ಇಡೀ ಪ್ರೋಗ್ರಾಂ 4 ಕಿಲೋಬೈಟ್‌ಗಳಲ್ಲಿ ಮುಗಿಯುತ್ತದೆ. ಅದನ್ನು ಬರೆದವರು ವಾರೆನ್ ರಾಬಿನೆಟ್, ಒಬ್ಬರೇ. ಆ ಕಾಲದಲ್ಲಿ ಅಟಾರಿ ತನ್ನ ಗೇಮ್‌ಗಳ ಮೇಲೆ ಬರೆದವರ ಹೆಸರು ಹಾಕುತ್ತಿರಲಿಲ್ಲ. ಹಾಗಾಗಿ ರಾಬಿನೆಟ್ ಯಾರಿಗೂ ಹೇಳದೆ ಗೇಮ್ ಒಳಗೆ ಒಂದು ಕೋಣೆ ಕಟ್ಟಿ, ಅದರಲ್ಲಿ ತಮ್ಮ ಹೆಸರು ಬರೆದಿಟ್ಟರು.

ಅಲ್ಲಿಗೆ ಹೋಗುವ ದಾರಿ ಹೀಗಿದೆ. ಗೇಮ್‌ನ ಎರಡನೇ ಅಥವಾ ಮೂರನೇ ಆವೃತ್ತಿಯನ್ನು ಆರಿಸಿಕೊಳ್ಳಬೇಕು, ಮೊದಲನೆಯದರಲ್ಲಿ ಇದು ಆಗದು. ಕಪ್ಪು ಕೋಟೆಯೊಳಗಿನ ಚಕ್ರವ್ಯೂಹದಲ್ಲಿ ಸುತ್ತಲೂ ಮುಚ್ಚಿದ ಒಂದು ಜಾಗವಿದೆ, ಗೇಮ್‌ನಲ್ಲಿ ಎತ್ತಿಕೊಂಡು ಹೋಗಬಹುದಾದ ಸೇತುವೆಯನ್ನು ಅದರ ಗೋಡೆಗೆ ಅಡ್ಡ ಇಟ್ಟು ನುಗ್ಗಬೇಕು. ಒಳಗೆ ಒಂದೇ ಪಿಕ್ಸೆಲ್ ಗಾತ್ರದ ಬೂದು ಚುಕ್ಕೆ ಬಿದ್ದಿರುತ್ತದೆ. ಹಿನ್ನೆಲೆಯ ಬಣ್ಣವೂ ಅದೇ ಬೂದು, ಆದ್ದರಿಂದ ಕಣ್ಣಿಗೆ ಕಾಣುವುದಿಲ್ಲ, ತಡಕಾಡಿಯೇ ಎತ್ತಿಕೊಳ್ಳಬೇಕು. ಆ ಚುಕ್ಕೆಯನ್ನು ಹಳದಿ ಕೋಟೆಯ ಕೆಳಗಿನ ಕೋಣೆಯಿಂದ ಬಲಕ್ಕಿರುವ ಕೋಣೆಗೆ ತಂದು, ಇನ್ನೆರಡು ವಸ್ತುಗಳನ್ನೂ ಅಲ್ಲಿಗೇ ತಂದರೆ ಚಿತ್ರ ಮಿಣುಕತೊಡಗುತ್ತದೆ. ಆಗ ಬಲಗಡೆಯ ಗೋಡೆಯನ್ನು ದಾಟಬಹುದು, ಆಚೆ ಬಣ್ಣ ಬದಲಿಸುವ ಅಕ್ಷರಗಳಲ್ಲಿ ರಾಬಿನೆಟ್ ಹೆಸರು ಸಿಗುತ್ತದೆ.

ಮಿಣುಕಾಟಕ್ಕೂ ಕಾರಣವಿದೆ. ಈ ಗೇಮ್ ಒಂದು ಕೋಣೆಯಲ್ಲಿ ಒಮ್ಮೆಗೆ ಎರಡು ವಸ್ತುಗಳನ್ನಷ್ಟೇ ತೆರೆಯ ಮೇಲೆ ತೋರಿಸಬಲ್ಲದು. ಮೂರನೆಯದು ಬಂದರೆ ಸರದಿಯ ಮೇಲೆ ತೋರಿಸಬೇಕಾಗುತ್ತದೆ. ಹುಡುಗನೊಬ್ಬ ಈ ಕೋಣೆಯನ್ನು ಪತ್ತೆಹಚ್ಚಿ ಕಂಪನಿಗೆ ಪತ್ರ ಬರೆಯುವ ಹೊತ್ತಿಗೆ ರಾಬಿನೆಟ್ ಕೆಲಸ ಬಿಟ್ಟಾಗಿತ್ತು. ಗೇಮ್ ತುಂಬಿದ ಚಿಪ್ ಮತ್ತೆ ಮಾಡಿಸುವುದು ದುಬಾರಿ. ಅಟಾರಿಯ ಸ್ಟೀವ್ ರೈಟ್ ಅದನ್ನು ಹಾಗೇ ಇರಲಿ ಎಂದರು, ಇಂಥವಕ್ಕೆ 'ಈಸ್ಟರ್ ಎಗ್' ಎಂಬ ಹೆಸರನ್ನೂ ಕೊಟ್ಟರು.

ಕೆಲವು ಗುಂಡಿ ಒತ್ತಿ ಆಟ ಸುಲಭ ಮಾಡಿಕೊಳ್ಳುವ ಚೀಟ್ ಕೋಡ್ ಹುಟ್ಟಿದ್ದು ಬೇರೆ ಅಗತ್ಯಕ್ಕೆ. ಕೊನೆಯ ಹಂತದಲ್ಲಿ ಏನೋ ತಪ್ಪಿದೆ ಎಂದಿಟ್ಟುಕೊಳ್ಳಿ. ಅದನ್ನು ನೋಡಲು ಪ್ರತಿ ಸಲವೂ ಮೊದಲ ಹಂತದಿಂದ ಆಡಿ ಬರಲಾಗುತ್ತದೆಯೇ? 'ಗ್ರೇಡಿಯಸ್' ಗೇಮ್ ಅನ್ನು 1986ರಲ್ಲಿ ನಿಂಟೆಂಡೊದ ಗೇಮ್ ಯಂತ್ರ ಫ್ಯಾಮಿಕಾಂಗೆ ತರುವಾಗ ಕೊನಾಮಿ ಕಂಪನಿಯ ಕಜುಹಿಸಾ ಹಾಶಿಮೋಟೊ ಅವರಿಗೆ ಆ ಗೇಮ್ ವಿಪರೀತ ಕಷ್ಟವೆನಿಸಿತು. ಪರೀಕ್ಷೆ ಮುಂದೆ ಸಾಗಲೆಂದು ಅವರು ಒಂದು ಕೀಲಿ ಇಟ್ಟರು. ಗೇಮ್ ನಿಲ್ಲಿಸಿ ಮೇಲೆ, ಮೇಲೆ, ಕೆಳಗೆ, ಕೆಳಗೆ, ಎಡ, ಬಲ, ಎಡ, ಬಲ, ಬಿ, ಎ ಒತ್ತಿದರೆ ವಿಮಾನಕ್ಕೆ ಬಹುಪಾಲು ಹೆಚ್ಚುವರಿ ಬಲಗಳು ಒಮ್ಮೆಗೇ ಸಿಗುತ್ತವೆ. ತೆಗೆಯದೆ ಉಳಿದ ಈ ಕೀಲಿ ಮುಂದೆ ಕೊನಾಮಿಯ ಹಲವು ಗೇಮ್‌ಗಳಿಗೆ ಹಬ್ಬಿತು. 'ಕಾಂಟ್ರಾ'ದಲ್ಲಿ ಅದು 3 ಜೀವಗಳನ್ನು 30 ಮಾಡುತ್ತದೆ. ಬಿಡುಗಡೆಗೆ ಮುನ್ನ ಕೋಡ್‌ನ ಒಂದು ತುಂಡನ್ನು ತೆಗೆದರೆ ಇಡೀ ಗೇಮ್ ಅನ್ನು ಮತ್ತೆ ಪರೀಕ್ಷಿಸಬೇಕು, ಬಿಟ್ಟರೆ ಯಾರಿಗೂ ತೊಂದರೆಯಿಲ್ಲ. ಹಳೆಯ ಚೀಟ್‌ಗಳು ಉಳಿದುಕೊಳ್ಳಲು ಇದೂ ಒಂದು ದೊಡ್ಡ ಕಾರಣ ಎನ್ನುವುದು ನನ್ನ ಎಣಿಕೆ.

ಕೀಲಿ ಒತ್ತಿದ್ದನ್ನು ಗೇಮ್ ಗುರುತಿಸುವ ಬಗೆ ಸರಳ. 1993ರ 'ಡೂಮ್' ಗೇಮ್‌ನ ಮೂಲ ಕೋಡ್ 1997ರಲ್ಲಿ ಬಹಿರಂಗವಾಯಿತು, ಅದರಲ್ಲಿರುವ ತರ್ಕದ ತಿರುಳು ಇಷ್ಟೇ:

```
if (key == seq[p]) p++;
else p = 0;
```

ಸರಿಯಾದ ಅಕ್ಷರ ಬಂದರೆ ಒಂದು ಹೆಜ್ಜೆ ಮುಂದೆ, ತಪ್ಪಿದರೆ ಮೊದಲಿಗೆ. ಸಾವೇ ಇಲ್ಲದಂತೆ ಮಾಡುವ `iddqd` ಎಂಬುದನ್ನು ಟೈಪ್ ಮಾಡುವಾಗ ಕೈತಪ್ಪಿ `iiddqd` ಎಂದಾದರೆ ಅದು ಕೆಲಸ ಮಾಡುವುದಿಲ್ಲ. ಎರಡನೆಯ `i` ಬಂದಾಗ ಎಣಿಕೆ `p` ಸೊನ್ನೆಗೆ ಬೀಳುತ್ತದೆ, ಆದರೆ ಆ `i` ಹೊಸ ಪ್ರಯತ್ನದ ಮೊದಲಕ್ಷರವೂ ಆಗಬಹುದು ಎಂಬುದನ್ನು ಕೋಡ್ ನೋಡುವುದೇ ಇಲ್ಲ. ತಪ್ಪಿದ ಕೀ ಮೊದಲ ಕೀಯೇ ಆಗಿದ್ದರೆ ಎಣಿಕೆಯನ್ನು 1ಕ್ಕೆ ಇಡೋಣ ಎಂದರೆ `iddqd`ಗೆ ಅದು ಸಾಕು, ಕೊನಾಮಿಯ ಕೀಲಿಗೆ ಸಾಲದು. ಅಲ್ಲಿ 'ಮೇಲೆ' ಮೂರು ಸಲ ಒತ್ತಿದರೆ ಕೊನೆಯ ಎರಡು ಇನ್ನೂ ಸರಿಯಾಗಿಯೇ ಇವೆ, ಎಣಿಕೆ 2ರಲ್ಲಿ ನಿಲ್ಲಬೇಕು. ಕೊನೆಯ ಹತ್ತು ಒತ್ತುಗಳನ್ನು ನೆನಪಿಟ್ಟುಕೊಂಡು, ಪ್ರತಿ ಒತ್ತಿಗೂ ಪೂರ್ತಿ ಸಾಲನ್ನು ಹೋಲಿಸುವುದೇ ಸುಲಭದ ಪರಿಹಾರ.

ಡೂಮ್‌ನ ಅದೇ ಕೋಡ್‌ನಲ್ಲಿ ಇನ್ನೊಂದು ಸಾಲು ಇದೆ, ಮುಂದೆ ಆಗಲಿರುವುದರ ಸುಳಿವು ಅಲ್ಲಿಯೇ ಸಿಗುತ್ತದೆ: `if (!netgame)`. ಹಲವರು ನೆಟ್‌ವರ್ಕ್‌ನಲ್ಲಿ ಆಡುತ್ತಿದ್ದರೆ ಇಂಥ ಚೀಟ್ ನಡೆಯುವುದಿಲ್ಲ. ಇದು ನ್ಯಾಯದ ಪ್ರಶ್ನೆ ಮಾತ್ರವಲ್ಲ. ಡೂಮ್‌ನಲ್ಲಿ ಪ್ರತಿ ಕಂಪ್ಯೂಟರ್ ಇಡೀ ಆಟವನ್ನು ತಾನೇ ಲೆಕ್ಕ ಹಾಕುತ್ತದೆ, ಪರಸ್ಪರ ಕಳಿಸಿಕೊಳ್ಳುವುದು ಆಟಗಾರರ ಚಲನೆ, ಗುಂಡು ಹಾರಿಸಿದ್ದು ಇಂಥವನ್ನಷ್ಟೇ. ನನ್ನ ಯಂತ್ರದಲ್ಲಿ ನನಗೆ ಗುಂಡು ತಾಗದಂತಾದರೆ, ನಿಮ್ಮ ಯಂತ್ರದಲ್ಲಿ ನಾನು ಸತ್ತಿರುತ್ತೇನೆ. ಅಲ್ಲಿಂದ ಎರಡೂ ಯಂತ್ರಗಳ ಆಟ ಬೇರೆ ಬೇರೆ. ಇಂದಿನ ಆನ್‌ಲೈನ್ ಗೇಮ್‌ಗಳಲ್ಲಿ ಜೀವ, ಗುಂಡು, ಹಣದ ಲೆಕ್ಕವೆಲ್ಲ ಸಾಮಾನ್ಯವಾಗಿ ಸರ್ವರ್‌ನದು, ಆಟಗಾರನ ಯಂತ್ರದಲ್ಲಿ ಬದಲಿಸುವುದಕ್ಕೆ ಹೆಚ್ಚೇನೂ ಇರುವುದಿಲ್ಲ.

ಪರೀಕ್ಷಕರಿಗೆ ಇಂದಿಗೂ ಚೀಟ್ ಬೇಕು, ಆದರೆ ಅವು ಪರೀಕ್ಷೆಗೆಂದೇ ಕಟ್ಟಿದ ಪ್ರತ್ಯೇಕ ಆವೃತ್ತಿಯಲ್ಲಿರುತ್ತವೆ. ಮಾರಾಟದ ಆವೃತ್ತಿಯನ್ನು ಕಟ್ಟುವಾಗ ಕಂಪೈಲರೇ ಅವನ್ನು ಬಿಟ್ಟುಬಿಡುತ್ತದೆ. 2005ರಲ್ಲಿ ಎಕ್ಸ್‌ಬಾಕ್ಸ್ 360 ಜೊತೆ, ಆಟದಲ್ಲಿನ ಸಾಧನೆಗೆ ಸಿಗುವ ಅಚೀವ್‌ಮೆಂಟ್ ಅಂಕಗಳು ಬಂದವು. ಎಲ್ಲರಿಗೂ ಕಾಣುವ ಆ ಅಂಕವನ್ನು ಚೀಟ್ ಮಾಡಿ ಗಳಿಸುವಂತಿದ್ದರೆ ಅದಕ್ಕೆ ಬೆಲೆಯಿಲ್ಲ, ಹಾಗಾಗಿ ಚೀಟ್ ಉಳಿಸಿಕೊಂಡ ಹಲವು ಗೇಮ್‌ಗಳು ಅದನ್ನು ಬಳಸಿದ ಕೂಡಲೇ ಅಚೀವ್‌ಮೆಂಟ್ ನಿಲ್ಲಿಸುತ್ತವೆ. ಗೆದ್ದು ಬಿಡಿಸಿಕೊಳ್ಳಬೇಕಿದ್ದ ಗುಟ್ಟಿನ ವೇಷಗಳು, ಪಾತ್ರಗಳು ಎಷ್ಟೋ ಗೇಮ್‌ಗಳಲ್ಲಿ ಮಾರಾಟದ ಸರಕಾದವು. ನನಗೆ ಬೇಸರವಿರುವುದು ಈ ಕೊನೆಯದರ ಬಗ್ಗೆ.

ಅದೇ 2005ರಲ್ಲಿ ಪ್ರಕಾಶಕರನ್ನು ಬೆಚ್ಚಿಬೀಳಿಸಿದ ಪ್ರಕರಣವೂ ನಡೆಯಿತು. 'ಗ್ರ್ಯಾಂಡ್ ಥೆಫ್ಟ್ ಆಟೋ: ಸ್ಯಾನ್ ಆಂಡ್ರಿಯಾಸ್'ನಲ್ಲಿ ಕೈಬಿಟ್ಟಿದ್ದ ಲೈಂಗಿಕ ದೃಶ್ಯಗಳನ್ನು ಅಳಿಸಿರಲಿಲ್ಲ, ತಲುಪದಂತೆ ಮುಚ್ಚಿದ್ದರಷ್ಟೇ. ಹವ್ಯಾಸಿಗಳು ಒಂದು ಸಣ್ಣ ಮಾರ್ಪಾಡಿನಿಂದ ಅದನ್ನು ತೆರೆದರು. ಅಮೆರಿಕದ ಶ್ರೇಣೀಕರಣ ಮಂಡಳಿ ಇಎಸ್‌ಆರ್‌ಬಿ ಗೇಮ್ ಅನ್ನು 17 ತುಂಬಿದವರ ಶ್ರೇಣಿಯಿಂದ ವಯಸ್ಕರಿಗೆ ಮಾತ್ರ ಎಂಬ ಶ್ರೇಣಿಗೆ ಏರಿಸಿತು, ದೊಡ್ಡ ಅಂಗಡಿಗಳು ಅದನ್ನು ಕಪಾಟಿನಿಂದ ಇಳಿಸಿದವು. ಡಿಸ್ಕ್‌ನಲ್ಲಿ ಬೀಗ ಹಾಕಿಟ್ಟ ಗಂಭೀರ ವಸ್ತುವಿಷಯವನ್ನೂ ಶ್ರೇಣಿ ಕೇಳುವಾಗ ತಿಳಿಸಬೇಕು ಎಂಬ ನಿಯಮ ಆಮೇಲೆ ಬಂತು. ಮೇಲಿನವರಿಗೆ ಹೇಳದೆ ಕೋಣೆ ಕಟ್ಟುವ ರಾಬಿನೆಟ್ ದಾರಿಗೆ ಇನ್ನು ಎಡೆಯೆಲ್ಲಿ?

ಗುಟ್ಟು ಇಟ್ಟರೂ ಅದು ಉಳಿಯುವುದು ಕಷ್ಟ. ಗೇಮ್ ಕಂಪ್ಯೂಟರ್‌ಗೆ ಬಂದ ದಿನವೇ ಆಸಕ್ತರು ಕಡತಗಳನ್ನು ಬಿಚ್ಚಿ ಚಿತ್ರ, ಧ್ವನಿ, ಪಠ್ಯವನ್ನೆಲ್ಲ ಪಟ್ಟಿ ಮಾಡುತ್ತಾರೆ. ಅದಕ್ಕೆ ಸಿಗದೆ ಉಳಿದ ಅಪರೂಪದ ಉದಾಹರಣೆ 2009ರ 'ಬ್ಯಾಟ್‌ಮ್ಯಾನ್: ಆರ್ಕಮ್ ಅಸೈಲಮ್'. ವಾರ್ಡನ್ ಕಚೇರಿಯ ಒಂದು ಗೋಡೆಗೆ ಸ್ಫೋಟಕ ಜೆಲ್ ಅನ್ನು ಮೂರು ಕಡೆ ಬಳಿದು ಸಿಡಿಸಿದರೆ ಮುಂದಿನ ಗೇಮ್‌ನ ನಕ್ಷೆಯಿರುವ ಕೋಣೆ ತೆರೆದುಕೊಳ್ಳುತ್ತದೆ. ಬ್ಯಾಟ್‌ಮ್ಯಾನ್‌ನ ಶೋಧಕ ದೃಷ್ಟಿಯಲ್ಲೂ ಆ ಗೋಡೆ ಒಡೆಯಬಹುದಾದದ್ದೆಂದು ಕಾಣುವುದಿಲ್ಲ. ತಿಂಗಳುಗಳು ಕಳೆದರೂ ಯಾರಿಗೂ ಸಿಗದಿದ್ದಾಗ ತಯಾರಕರೇ ಅದನ್ನು ಬಾಯಿಬಿಟ್ಟು ಹೇಳಬೇಕಾಯಿತು.

ಚೀಟ್‌ಗಳಾದರೋ ಪೂರ್ತಿ ಸತ್ತಿಲ್ಲ, ಮೆನುಗೆ ಬಂದಿವೆ. 2018ರ 'ಸೆಲೆಸ್ಟ್' ಗೇಮ್‌ನ ಅಸಿಸ್ಟ್ ಮೋಡ್‌ನಲ್ಲಿ ಆಟದ ವೇಗ ತಗ್ಗಿಸಬಹುದು, ಮುಗಿಯದ ಶಕ್ತಿ ಪಡೆಯಬಹುದು, ಸಾವನ್ನೇ ತಡೆಯಬಹುದು. ಬೆರಳು ಸರಿಯಾಗಿ ಆಡದವರಿಗೂ ಕಥೆಯ ಕೊನೆ ಸಿಗಲೆಂದು ಇವೆಲ್ಲವನ್ನೂ ಹೆಸರು, ವಿವರಣೆ ಸಮೇತ ಕಣ್ಣೆದುರೇ ಇಟ್ಟಿದ್ದಾರೆ. `iddqd` ಮಾಡುತ್ತಿದ್ದ ಕೆಲಸಕ್ಕೆ ಈಗ ಒಂದು ಸ್ವಿಚ್ ಸಾಕು.