ಅಲೆಯ ಮೇಲೆ ಅಡ್ಡಗೆರೆ: ಆವಿ ಒತ್ತಡ ಹುಡುಕಲು ವಿಸ್ತೀರ್ಣಗಳನ್ನು ಯಾಕೆ ಸಮ ಮಾಡಬೇಕು?

ಪ್ರಶ್ನೆ: ಕ್ರಿಟಿಕಲ್ ತಾಪಮಾನಕ್ಕಿಂತ ಕೆಳಗೆ ವಾನ್ ಡರ್ ವಾಲ್ಸ್ ಸಮೀಕರಣದ ಐಸೋಥರ್ಮ್, ಅಂದರೆ ತಾಪಮಾನ ಬದಲಿಸದೆ ಗಾತ್ರಕ್ಕೆ ಎದುರಾಗಿ ಒತ್ತಡವನ್ನು ತೋರಿಸುವ ಗೆರೆ, ಬಿಡಿಸಿದರೆ ಅದು ಇಳಿದು, ಏರಿ, ಮತ್ತೆ ಇಳಿಯುತ್ತದೆ. ಆ ಅಲೆಗೆ ಅಡ್ಡವಾಗಿ ಒಂದು ಗೆರೆ ಎಳೆದು, ಗೆರೆಯ ಮೇಲಿನ ಮತ್ತು ಕೆಳಗಿನ ವಿಸ್ತೀರ್ಣಗಳನ್ನು ಸಮ ಮಾಡಿದರೆ ಆವಿ ಒತ್ತಡ ಸಿಗುತ್ತದೆ ಎಂದು ಕಲಿಸುತ್ತಾರೆ. ವಿಸ್ತೀರ್ಣವೇ ಯಾಕೆ? ತಗ್ಗು ಮತ್ತು ದಿಬ್ಬದ ಒತ್ತಡಗಳ ಸರಾಸರಿ ತೆಗೆದುಕೊಂಡರೆ ಸಾಲದೇ?

ಉತ್ತರ: ಸಾಲದು. ಎಷ್ಟು ತಪ್ಪಾಗುತ್ತದೆ ಎಂದು ಮುಂದೆ ಲೆಕ್ಕ ಹಾಕಿಯೇ ನೋಡೋಣ. ಮೊದಲು ಕಾರಣ.

ದ್ರವ ಮತ್ತು ಆವಿ ಒಂದೇ ಪಾತ್ರೆಯಲ್ಲಿ ಸಮತೋಲದಲ್ಲಿ ಇರಬೇಕಾದರೆ ಮೂರು ವಿಷಯ ಸಮವಾಗಿರಬೇಕು: ತಾಪಮಾನ, ಒತ್ತಡ, ಮತ್ತು ಪ್ರತಿ ಮೋಲ್‌ನ ಗಿಬ್ಸ್ ಶಕ್ತಿ. ಒಂದೇ ಐಸೋಥರ್ಮ್ ಮೇಲೆ ಇದ್ದೇವೆ, ಹಾಗಾಗಿ ತಾಪಮಾನ ಸಮ. ಗೆರೆ ಅಡ್ಡವಾಗಿದೆ, ಹಾಗಾಗಿ ಒತ್ತಡವೂ ಸಮ. ಇವೆರಡನ್ನು ಯಾವ ಅಡ್ಡಗೆರೆಯಾದರೂ ಪೂರೈಸುತ್ತದೆ. ಗೆರೆ ಎಷ್ಟು ಎತ್ತರದಲ್ಲಿ ಇರಬೇಕು ಎಂದು ಹೇಳುವುದು ಮೂರನೆಯ ಷರತ್ತು ಮಾತ್ರ.

ತಾಪಮಾನ ಬದಲಾಗದಿದ್ದರೆ ಗಿಬ್ಸ್ ಶಕ್ತಿಯ ಬದಲಾವಣೆ `dG = v dp`. ಇದನ್ನು ದ್ರವದ ತುದಿಯಿಂದ ಆವಿಯ ತುದಿಯವರೆಗೆ ಇಂಟಿಗ್ರೇಟ್ ಮಾಡಿದರೆ ಹೀಗೆ ಬರುತ್ತದೆ:

```
G(ಆವಿ) − G(ದ್ರವ) = p·(vG − vL) − ∫ p dv
```

ಇಲ್ಲಿ p ಅಡ್ಡಗೆರೆಯ ಒತ್ತಡ, vL ದ್ರವದ ಗಾತ್ರ, vG ಆವಿಯ ಗಾತ್ರ. ಬಲಗಡೆಯ ಮೊದಲ ಪದ ಅಡ್ಡಗೆರೆಯ ಕೆಳಗಿನ ಆಯತದ ವಿಸ್ತೀರ್ಣ. ಎರಡನೆಯದು ಅಲೆಯ ಕೆಳಗಿನ ವಿಸ್ತೀರ್ಣ. ಇವೆರಡೂ ಸಮ ಆದಾಗ ವ್ಯತ್ಯಾಸ ಸೊನ್ನೆ. ಅಂದರೆ ತಗ್ಗು ಎಷ್ಟು ಕಳೆಯುತ್ತದೋ ದಿಬ್ಬ ಅಷ್ಟೇ ಕೂಡಿಸಬೇಕು. ವಾನ್ ಡರ್ ವಾಲ್ಸ್ ತನ್ನ ಸಮೀಕರಣವನ್ನು ಪ್ರಬಂಧದಲ್ಲಿ ಮಂಡಿಸಿದ್ದು 1873ರಲ್ಲಿ. ಈ ಸಮ ವಿಸ್ತೀರ್ಣದ ನಿಯಮವನ್ನು ಮ್ಯಾಕ್ಸ್‌ವೆಲ್ ಕೊಟ್ಟಿದ್ದು 1875ರಲ್ಲಿ.

ಇಲ್ಲಿ ಒಂದು ಆಕ್ಷೇಪ ಬರುತ್ತದೆ, ಅದು ನ್ಯಾಯವಾದದ್ದೇ. ಅಲೆಯ ನಡುಭಾಗದಲ್ಲಿ ಗಾತ್ರ ಹೆಚ್ಚಿದಂತೆ ಒತ್ತಡವೂ ಏರುತ್ತದೆ. ಅಂಥ ಏಕರೂಪದ ವಸ್ತು ಒಂದು ಕ್ಷಣವೂ ನಿಲ್ಲದು. ಇಲ್ಲದ ಸ್ಥಿತಿಗಳ ಮೂಲಕ ಇಂಟಿಗ್ರೇಟ್ ಮಾಡಿದರೆ ಆ ಉತ್ತರವನ್ನು ಹೇಗೆ ನಂಬುವುದು? ನಂಬಬಹುದು. ಯಾಕೆಂದರೆ ಸಮೀಕರಣ ಒಂದೇ, ಅದರಿಂದ ಹುಟ್ಟುವ ಮುಕ್ತ ಶಕ್ತಿಯ ಸೂತ್ರವೂ ಒಂದೇ. ದ್ರವವನ್ನು ಕ್ರಿಟಿಕಲ್ ತಾಪಮಾನದ ಮೇಲಕ್ಕೆ ಕಾಯಿಸಿ, ಅಲ್ಲಿ ಹಿಗ್ಗಿಸಿ, ಮತ್ತೆ ಮೊದಲಿನ ತಾಪಮಾನಕ್ಕೆ ತಣಿಸಿ ಆವಿಯ ತುದಿಗೆ ಬಂದೆವು ಎಂದುಕೊಳ್ಳಿ. ಆ ದಾರಿಯಲ್ಲಿ ಅಸ್ಥಿರ ಭಾಗವನ್ನು ಮುಟ್ಟುವುದೇ ಇಲ್ಲ. ಆದರೂ ಅದೇ ಸಮೀಕರಣ ಬಳಸಿದರೆ ಸಿಗುವ ವ್ಯತ್ಯಾಸ ಇದೇ. ನಡುಭಾಗದ ಮೂಲಕ ಹೋಗುವುದು ಲೆಕ್ಕಕ್ಕೆ ಹತ್ತಿರದ ದಾರಿ, ಅಷ್ಟೇ.

ಈಗ ಒಂದು ಐಸೋಥರ್ಮ್ ಹಿಡಿದು ಲೆಕ್ಕ ಮಾಡೋಣ. ಒತ್ತಡ, ಗಾತ್ರ, ತಾಪಮಾನ ಎಲ್ಲವನ್ನೂ ಅವುಗಳ ಕ್ರಿಟಿಕಲ್ ಬೆಲೆಯಿಂದ ಭಾಗಿಸಿದರೆ ವಾನ್ ಡರ್ ವಾಲ್ಸ್ ಸಮೀಕರಣ ಯಾವ ವಸ್ತುವಿಗಾದರೂ ಒಂದೇ ರೂಪಕ್ಕೆ ಬರುತ್ತದೆ:

```
p = 8t/(3v − 1) − 3/v²
```

ತಾಪಮಾನ t = 0.9 ತೆಗೆದುಕೊಳ್ಳೋಣ. ಆಗ `p = 7.2/(3v − 1) − 3/v²`. ಇದರ ತಗ್ಗು v = 0.719ರ ಹತ್ತಿರ, ಅಲ್ಲಿ p = 0.420. ದಿಬ್ಬದ ತುದಿ v = 1.53ರ ಹತ್ತಿರ, ಅಲ್ಲಿ p = 0.724. ನಮಗೆ ಬೇಕಾದ ಗೆರೆ ಇವೆರಡರ ನಡುವೆ ಎಲ್ಲೋ ಇದೆ. ಸರಾಸರಿ 0.572 ಎಂಬುದನ್ನು ಒಂದು ಕಡೆ ಬರೆದಿಟ್ಟುಕೊಳ್ಳಿ.

ಮೊದಲ ಊಹೆಯಾಗಿ p = 0.6 ಇಡೋಣ. ಸುಮ್ನೆ ಆರಿಸಿದ್ದಲ್ಲ. ಈ ಒತ್ತಡದಲ್ಲಿ v = 1 ಸರಿಯಾಗಿ ಒಂದು ಮೂಲ ಆಗುತ್ತದೆ (3.6 − 3 = 0.6). ಹಾಗಾಗಿ ಉಳಿದ ಎರಡು ಮೂಲಗಳು ಒಂದು ವರ್ಗ ಸಮೀಕರಣದಿಂದ ಸಿಗುತ್ತವೆ: `0.6v² − 2v + 1 = 0`. ದ್ರವದ ಗಾತ್ರ vL = 0.6126, ಆವಿಯ ಗಾತ್ರ vG = 2.7208. ಕಾಗದ, ಪೆನ್ನು, ಕ್ಯಾಲ್ಕುಲೇಟರ್ ಇದ್ದರೆ ಸಾಕು.

ಅಲೆಯ ಕೆಳಗಿನ ವಿಸ್ತೀರ್ಣಕ್ಕೆ ನೇರ ಸೂತ್ರವೇ ಇದೆ:

```
∫ p dv = (8t/3)·ln[(3vG − 1)/(3vL − 1)] + 3·(1/vG − 1/vL)
```

ಬೆಲೆಗಳನ್ನು ಹಾಕಿದರೆ 5.150 − 3.795 = 1.355. ಆಯತದ ವಿಸ್ತೀರ್ಣ 0.6 × 2.1082 = 1.265. ಅಲೆಯ ಕಡೆ 0.090 ಜಾಸ್ತಿ ಇದೆ. ತಗ್ಗು ಮತ್ತು ದಿಬ್ಬವನ್ನು ಬೇರೆ ಬೇರೆ ನೋಡಿದರೆ ಚಿತ್ರ ಇನ್ನೂ ಸ್ಪಷ್ಟವಾಗುತ್ತದೆ: ಗೆರೆಯ ಕೆಳಗಿನ ತಗ್ಗು 0.041, ಮೇಲಿನ ದಿಬ್ಬ 0.132. ದಿಬ್ಬ ಮೂರು ಪಟ್ಟಿಗಿಂತ ದೊಡ್ಡದು, ಹಾಗಾಗಿ ಗೆರೆ ಮೇಲೆ ಹೋಗಬೇಕು. ಭೌತಿಕವಾಗಿ ಇದರ ಅರ್ಥವೂ ಸರಳ. p = 0.6ರಲ್ಲಿ ಆವಿಯ ಗಿಬ್ಸ್ ಶಕ್ತಿ ದ್ರವದ್ದಕ್ಕಿಂತ ಕಡಿಮೆ. ಆ ಒತ್ತಡದಲ್ಲಿ ಎಲ್ಲವೂ ಆವಿಯಾಗಿಯೇ ಇರಲು ಬಯಸುತ್ತದೆ.

ಎಷ್ಟು ಮೇಲೆ ಹೋಗಬೇಕು? ಇಲ್ಲಿ ಒಂದು ಸೊಗಸಾದ ಅನುಕೂಲ ಇದೆ. ಗೆರೆಯನ್ನು ಸ್ವಲ್ಪ ಎತ್ತಿದಾಗ ಎರಡು ವಿಸ್ತೀರ್ಣಗಳ ವ್ಯತ್ಯಾಸ ಗೆರೆಯ ಉದ್ದದ ಪ್ರಮಾಣದಲ್ಲೇ ಇಳಿಯುತ್ತದೆ. ತುದಿಗಳು ಸರಿಯುವುದರಿಂದ ಬರುವ ಪದಗಳು ತಾವಾಗಿಯೇ ವಜಾ ಆಗುತ್ತವೆ, ಯಾಕೆಂದರೆ ತುದಿಗಳಲ್ಲಿ ಅಲೆಯೂ ಗೆರೆಯೂ ಒಂದೇ ಎತ್ತರದಲ್ಲಿವೆ. ಹಾಗಾಗಿ ನ್ಯೂಟನ್ ವಿಧಾನದ ಹೆಜ್ಜೆ ಇಷ್ಟೇ ಆಗಿಬಿಡುತ್ತದೆ:

```
ಹೊಸ p = ∫ p dv / (vG − vL)
```

ಅಲೆಯ ಸರಾಸರಿ ಎತ್ತರವೇ ಮುಂದಿನ ಊಹೆ! 1.3554 / 2.1082 = 0.6429. ಈ ಒತ್ತಡಕ್ಕೆ ಮತ್ತೆ ಮೂಲಗಳನ್ನು ಹುಡುಕಿದರೆ vL = 0.6041, vG = 2.381. ಮತ್ತೆ ಭಾಗಿಸಿದರೆ 0.6470. ಇನ್ನೊಂದು ಸುತ್ತು ಹೋದರೂ ನಾಲ್ಕನೆಯ ದಶಮಾಂಶ ಅಲುಗಾಡುವುದಿಲ್ಲ. ಕೊನೆಯ ಉತ್ತರ: p = 0.6470, vL = 0.603, vG = 2.349. ಈಗ ತಗ್ಗು ಮತ್ತು ದಿಬ್ಬ ಎರಡೂ 0.062. ಬರೆದಿಟ್ಟುಕೊಂಡ ಸರಾಸರಿ 0.572 ಇದಕ್ಕಿಂತ ಶೇಕಡಾ 12ರಷ್ಟು ಕಡಿಮೆ. ಕಾರಣ ಚಿತ್ರದಲ್ಲೇ ಇದೆ. ದ್ರವದ ಕಡೆಯ ತಗ್ಗು ಆಳವಾದರೂ ಕಿರಿದು, ಆವಿಯ ಕಡೆಯ ದಿಬ್ಬ ಅಗಲವಾಗಿ ಹರಡಿದೆ. ಸರಾಸರಿಗೆ ಅಗಲದ ಅರಿವೇ ಇಲ್ಲ.

ಲೆಕ್ಕ ಎಲ್ಲಿ ಕೆಡುತ್ತದೆ ಎಂಬುದನ್ನೂ ಹೇಳಬೇಕು. ಮೊದಲ ಊಹೆ ಉತ್ತರಕ್ಕಿಂತ ಕೆಳಗೆ ಇರಲಿ. ಕೆಳಗಿನಿಂದ ಹೊರಟರೆ ಈ ಹೆಜ್ಜೆಗಳು ಉತ್ತರವನ್ನು ದಾಟಿ ಹೋಗುವುದಿಲ್ಲ, ಒಂದೊಂದೇ ಮೇಲೇರಿ ಸೇರುತ್ತವೆ. ಮೇಲಿನಿಂದ ಹೊರಟರೆ ಮೊದಲ ಹೆಜ್ಜೆ ಉತ್ತರದ ಕೆಳಕ್ಕೆ ಹಾರುತ್ತದೆ. ತಾಪಮಾನ ಕಡಿಮೆ ಇದ್ದರೆ ಕೆಲವೊಮ್ಮೆ ಸೊನ್ನೆಗಿಂತಲೂ ಕೆಳಗೆ ಹೋಗಬಹುದು. ಅಲ್ಲಿ ಆವಿಯ ಮೂಲವೇ ಇರುವುದಿಲ್ಲ, ಲೆಕ್ಕ ನಿಂತೇ ಹೋಗುತ್ತದೆ. ಇನ್ನೊಂದು ಸಂಗತಿ: t ಬೆಲೆ 27/32ಕ್ಕಿಂತ, ಅಂದರೆ ಸುಮಾರು 0.844ಕ್ಕಿಂತ ಕಡಿಮೆಯಾದರೆ ತಗ್ಗಿನ ಒತ್ತಡ ಸೊನ್ನೆಗಿಂತ ಕೆಳಗಿಳಿಯುತ್ತದೆ. ಆಗ ಗಾಬರಿಯಾಗಬೇಕಿಲ್ಲ. ಎಳೆತಕ್ಕೆ ಒಳಗಾದ ದ್ರವ ಸ್ವಲ್ಪ ಕಾಲ ನಿಜವಾಗಿಯೂ ಇರಬಲ್ಲದು. ಆವಿ ಒತ್ತಡ ಮಾತ್ರ ಯಾವಾಗಲೂ ಸೊನ್ನೆಗಿಂತ ಮೇಲೆಯೇ. ಹಾಗಾಗಿ ಹುಡುಕಾಟದ ಕೆಳಗಿನ ಮಿತಿಯನ್ನು ತಗ್ಗಿನ ಬದಲು ಸೊನ್ನೆಯಲ್ಲಿ ಇಡಿ.

ಕಣ್ಣಿಗೆ ಮೋಸ ಮಾಡುವ ತಪ್ಪು ಬೇರೆಯೇ ಇದೆ. ಆವಿಯ ಗಾತ್ರ ತುಂಬಾ ದೊಡ್ಡದು ಎಂದು ಹಲವರು ಅಡ್ಡ ಅಕ್ಷವನ್ನು ಲಾಗ್ ಸ್ಕೇಲ್‌ಗೆ ಹಾಕುತ್ತಾರೆ. ಚಿತ್ರ ಚೆನ್ನಾಗಿ ಕಾಣುತ್ತದೆ. ಆದರೆ ಅದರ ಮೇಲೆ ಅಳೆದ ವಿಸ್ತೀರ್ಣ `∫ p dv` ಅಲ್ಲ. ಅಲ್ಲಿ ದಿಬ್ಬ ಕುಗ್ಗಿ, ತಗ್ಗು ಹಿಗ್ಗುತ್ತದೆ. ಸರಿಯಾದ ಗೆರೆ ಎಳೆದರೂ ಎರಡು ಭಾಗ ಸಮ ಇಲ್ಲ ಎಂದೇ ಅನಿಸುತ್ತದೆ, ಹಾಗೆಂದು ಗೆರೆಯನ್ನು ಕೆಳಕ್ಕೆ ಸರಿಸಿದರೆ ಉತ್ತರ ಕೆಟ್ಟಿತು. ಲಾಗ್ ಸ್ಕೇಲ್ ನೋಡುವುದಕ್ಕೆ ಇರಲಿ, ಅಳೆಯುವುದಕ್ಕೆ ಬೇಡ.

ಇಷ್ಟೆಲ್ಲ ಮಾಡಿ ಸಿಕ್ಕಿದ್ದು "ನಿಜವಾದ" ಆವಿ ಒತ್ತಡವೇ? ಆ ಸಮೀಕರಣದ ಮಟ್ಟಿಗೆ ನಿಜ. ವಸ್ತುವಿನ ಮಟ್ಟಿಗೆ ನಿಜವೋ ಅಲ್ಲವೋ ಎಂಬುದು ಸಮೀಕರಣ ಎಷ್ಟು ಒಳ್ಳೆಯದು ಎಂಬುದರ ಮೇಲೆ ನಿಂತಿದೆ. t = 0.7ಕ್ಕೆ ಇದೇ ಲೆಕ್ಕ ಮಾಡಿದರೆ ವಾನ್ ಡರ್ ವಾಲ್ಸ್ ಸಮೀಕರಣ p = 0.200 ಕೊಡುತ್ತದೆ. ಆರ್ಗಾನ್, ಕ್ರಿಪ್ಟಾನ್‌ನಂಥ ಸರಳ ವಸ್ತುಗಳಲ್ಲಿ ಅದೇ ತಾಪಮಾನಕ್ಕೆ ಅಳೆದಾಗ ಸಿಗುವುದು ಸುಮಾರು 0.1. ವಿಸ್ತೀರ್ಣಗಳು ಎಷ್ಟೇ ಕರಾರುವಾಕ್ಕಾಗಿ ಸಮ ಆದರೂ ಉತ್ತರ ಎರಡು ಪಟ್ಟು! ತಪ್ಪು ಗೆರೆಯಲ್ಲಿ ಇಲ್ಲ, ಅಲೆಯ ಆಕಾರದಲ್ಲಿದೆ.

ಇದನ್ನು ಸರಿಪಡಿಸಲೆಂದೇ ಸೋವೆ 1972ರಲ್ಲಿ, ಪೆಂಗ್ ಮತ್ತು ರಾಬಿನ್ಸನ್ 1976ರಲ್ಲಿ ಆಕರ್ಷಣೆಯ ಪದವನ್ನು ತಾಪಮಾನದೊಂದಿಗೆ ಬದಲಾಗುವಂತೆ ಮಾಡಿದರು. ಆ ಬದಲಾವಣೆಯನ್ನು ಹೊಂದಿಸಿದ್ದೇ ಅಳೆದ ಆವಿ ಒತ್ತಡಕ್ಕೆ. ಅವುಗಳೂ ಕ್ಯೂಬಿಕ್ ಸಮೀಕರಣಗಳೇ, ಅಲ್ಲೂ ಅಲೆ ಇದೆ, ಅಡ್ಡಗೆರೆಯ ನಿಯಮವೂ ಇದೇ. ಬದಲಾಗುವುದು ಇಂಟಿಗ್ರಲ್‌ನ ಸೂತ್ರ ಮಾತ್ರ. ಸಾಫ್ಟ್‌ವೇರ್‌ಗಳು ಗಿಬ್ಸ್ ಶಕ್ತಿಯನ್ನು ಒತ್ತಡದ ರೂಪದಲ್ಲಿ ಹೇಳುವ ಫ್ಯೂಗಸಿಟಿಯನ್ನು ಸಮ ಮಾಡುತ್ತವೆ. ಶುದ್ಧ ವಸ್ತುವಿನಲ್ಲಿ ಅದೂ ಸಮ ವಿಸ್ತೀರ್ಣದ ಷರತ್ತೇ, ಬೇರೆ ರೂಪದಲ್ಲಿ ಬರೆದದ್ದು. ಮಿಶ್ರಣಕ್ಕೆ ಬಂದರೆ ಮಾತ್ರ ಫ್ಯೂಗಸಿಟಿಯನ್ನೇ ಹಿಡಿಯಬೇಕು. ಅಲ್ಲಿ ಆವಿಯ ಸಂಯೋಜನೆ ದ್ರವದ್ದಕ್ಕಿಂತ ಬೇರೆ ಇರುತ್ತದೆ. ಹಾಗಾಗಿ ಎರಡು ತುದಿಗಳು ಒಂದೇ ಅಲೆಯ ಮೇಲೆ ಕೂರುವುದಿಲ್ಲ, ಸಮ ಮಾಡಲು ವಿಸ್ತೀರ್ಣವೂ ಇರುವುದಿಲ್ಲ.