ಪವರ್ ಬಟನ್ ಸಿಕ್ಕಿಹಾಕಿಕೊಂಡಾಗ: ನಾಲ್ಕು ಸೆಕೆಂಡಿನ ಗುರುತು

ಹಾರ್ಡ್‌ವೇರ್ ಕಲಿಯುವ ನಮ್ಮಂಥವರಿಗೆ ಆಗಾಗ ಎದುರಾಗುವ ದೂರು ಇದು: "ಸ್ವಿಚ್ ಬೋರ್ಡ್ ಆನ್ ಮಾಡಿದ ಕೂಡಲೇ ಕಂಪ್ಯೂಟರ್ ತಾನಾಗಿಯೇ ಶುರುವಾಗುತ್ತೆ, ಒಂದು ಕ್ಷಣ ಓಡಿ ಆಫ್ ಆಗುತ್ತೆ." ಕೇಳಿದವರಲ್ಲಿ ಹೆಚ್ಚಿನವರು ಮೊದಲು ಎಸ್‌ಎಂಪಿಎಸ್ ಬದಲಿಸಲು ಹೊರಡುತ್ತಾರೆ. ಆದರೆ ಅದಕ್ಕಿಂತ ಮೊದಲು ಮುಂಭಾಗದ ಆ ಪುಟ್ಟ ಬಟನ್ನನ್ನು ಅನುಮಾನಿಸಬೇಕು. ಯಾಕೆ ಎನ್ನುವುದು ತಿಳಿಯಲು ಬಟನ್ ಏನು ಕೆಲಸ ಮಾಡುತ್ತದೆ ಎಂಬುದು ಸ್ಪಷ್ಟವಾಗಿರಬೇಕು.

ಮನೆಯ ಲೈಟಿನ ಸ್ವಿಚ್ಚಿನ ಹಾಗೆ ಕಂಪ್ಯೂಟರಿನ ಪವರ್ ಬಟನ್ ಕರೆಂಟನ್ನು ಹರಿಸುವುದೂ ಇಲ್ಲ, ತಡೆಯುವುದೂ ಇಲ್ಲ. ಪ್ಲಗ್ ಹಾಕಿ ಎಸ್‌ಎಂಪಿಎಸ್‌ನ ಹಿಂಬದಿಯ ಸ್ವಿಚ್ ಆನ್ ಇದ್ದರೆ, ಕಂಪ್ಯೂಟರ್ ಆಫ್ ಆಗಿದ್ದಾಗಲೂ ನೇರಳೆ ಬಣ್ಣದ ತಂತಿಯಲ್ಲಿ 5 ವೋಲ್ಟ್ ಮದರ್‌ಬೋರ್ಡಿಗೆ ಬರುತ್ತಲೇ ಇರುತ್ತದೆ. ಆ ಸ್ಟ್ಯಾಂಡ್‌ಬೈ ವಿದ್ಯುತ್ತಿನಿಂದ ಬೋರ್ಡಿನ ಒಂದು ಸಣ್ಣ ಭಾಗ ಎಚ್ಚರವಾಗಿದ್ದು, ಬಟನ್ನಿನ ಎರಡು ಪಿನ್‌ಗಳನ್ನು ಗಮನಿಸುತ್ತಿರುತ್ತದೆ. ಒತ್ತಿದಾಗ ಆ ಎರಡು ಪಿನ್ ಸೇರುತ್ತವೆ, ಅಂದರೆ ಸಿಗ್ನಲ್ ತಂತಿ ಗ್ರೌಂಡಿಗೆ ತಾಗುತ್ತದೆ. ಅದನ್ನು ಕಂಡ ಬೋರ್ಡ್ ಹಸಿರು ತಂತಿಯನ್ನು ಗ್ರೌಂಡಿಗೆ ಎಳೆಯುತ್ತದೆ, ಎಸ್‌ಎಂಪಿಎಸ್ ಪೂರ್ತಿ ಶುರುವಾಗುತ್ತದೆ. ಬೆರಳು ತೆಗೆದಾಗ ಪಿನ್‌ಗಳು ಬೇರೆಯಾಗಬೇಕು. ಬಟನ್ನಿನ ಕೆಲಸ ಬರೀ ಒಂದು ಸನ್ನೆ ಕೊಡುವುದು.

ಇದೇ ಬಟನ್ನಿಗೆ ಇನ್ನೊಂದು ಅರ್ಥವೂ ಇದೆ. ಕಂಪ್ಯೂಟರ್ ಹ್ಯಾಂಗ್ ಆದಾಗ ಬಟನ್ ಒತ್ತಿ ಹಿಡಿದು ಆಫ್ ಮಾಡುತ್ತೇವಲ್ಲ, ಅದು ಹಾರ್ಡ್‌ವೇರ್ ನಿಯಮ. 4 ಸೆಕೆಂಡಿಗಿಂತ ಹೆಚ್ಚು ಹೊತ್ತು ಒತ್ತಿಯೇ ಇದ್ದರೆ ಬೋರ್ಡ್ ಯಾರನ್ನೂ ಕೇಳದೆ ಪವರ್ ಕಡಿಯುತ್ತದೆ. ವಿಂಡೋಸ್ ಇರಲಿ, ಲಿನಕ್ಸ್ ಇರಲಿ, ಹಾರ್ಡ್ ಡಿಸ್ಕೇ ಇಲ್ಲದಿರಲಿ, ಲೆಕ್ಕ ಒಂದೇ. ಈಗ ಬಟನ್ ಒಳಗೇ ಕಚ್ಚಿಕೊಂಡಿದೆ ಎಂದುಕೊಳ್ಳಿ. ಶುರುವಾಗು ಎಂಬ ಸನ್ನೆಯೇ ಮುಂದುವರಿದು, ನಾಲ್ಕು ಸೆಕೆಂಡು ಕಳೆದ ಮೇಲೆ ಆಫ್ ಆಗು ಎಂಬ ಸನ್ನೆಯಾಗುತ್ತದೆ. ನನ್ನ ಮಟ್ಟಿಗೆ ಈ ದೋಷದ ಅತ್ಯಂತ ನಂಬಿಕಸ್ಥ ಗುರುತು ಇದೇ. ಹಾಗಾಗಿ ಬಿಚ್ಚುವ ಮೊದಲು ಮೊಬೈಲಿನ ಸ್ಟಾಪ್‌ವಾಚ್ ಹಿಡಿದು ನಾಲ್ಕೈದು ಬಾರಿ ಅಳೆಯುವುದು ಒಳ್ಳೆಯದು. ಪ್ರತಿ ಸಲ 4ರಿಂದ 5 ಸೆಕೆಂಡಿನೊಳಗೆ ನಿಂತರೆ ಬಟನ್ ಕಡೆ ತಿರುಗಿ. ಫ್ಯಾನ್ ಸ್ವಲ್ಪ ಅಲುಗಾಡಿ, ಒಂದು ಸೆಕೆಂಡೂ ಆಗದೆ ನಿಂತರೆ ಅದು ಹೆಚ್ಚಾಗಿ ಎಲ್ಲೋ ಶಾರ್ಟ್ ಆಗಿ ಎಸ್‌ಎಂಪಿಎಸ್ ತನ್ನನ್ನು ಕಾಪಾಡಿಕೊಳ್ಳುತ್ತಿರುವ ಲಕ್ಷಣ. ಒಮ್ಮೆ ಅರ್ಧ ನಿಮಿಷ, ಇನ್ನೊಮ್ಮೆ ಎರಡು ನಿಮಿಷ ಓಡಿದರೆ ಪ್ರೊಸೆಸರಿನ ಬಿಸಿಯನ್ನು ನೋಡಬೇಕು.

ಪೂರ್ತಿ ಕಚ್ಚಿಕೊಳ್ಳದೆ ಬಟನ್ ಆಗೊಮ್ಮೆ ಈಗೊಮ್ಮೆ ತಾಗಿ ಬಿಡುತ್ತಿದ್ದರೆ ಲಕ್ಷಣ ಬೇರೆ. ಆಫ್ ಆಗಿದ್ದದ್ದು ರಾತ್ರಿ ತಾನೇ ಶುರುವಾಗುತ್ತದೆ. ಓಡುತ್ತಿದ್ದಾಗ ಮೇಜು ಅಲುಗಾಡಿದರೆ, ಯಾರೋ ಸ್ಟಾರ್ಟ್ ಮೆನುವಿನಿಂದ ಆಫ್ ಮಾಡಿದಂತೆ ಕ್ರಮವಾಗಿ ಶಟ್‌ಡೌನ್ ಆಗುತ್ತದೆ ಅಥವಾ ನಿದ್ದೆಗೆ ಜಾರುತ್ತದೆ. ಇಲ್ಲಿ ಆಪರೇಟಿಂಗ್ ಸಿಸ್ಟಮ್ಮೇ ಸಾಕ್ಷಿ ಹೇಳುತ್ತದೆ. ವಿಂಡೋಸ್‌ನ ಈವೆಂಟ್ ವ್ಯೂವರ್‌ನಲ್ಲಿ ನಿದ್ದೆಗೆ ಹೋದ ಕಾರಣವಾಗಿ `Button or Lid` ಎಂದು ಬರೆದಿದ್ದು, ಆ ಹೊತ್ತಿಗೆ ಯಾರೂ ಬಟನ್ ಮುಟ್ಟಿಲ್ಲವೆಂದರೆ ಅನುಮಾನ ಗಟ್ಟಿಯಾಗುತ್ತದೆ. ಲಿನಕ್ಸ್‌ನಲ್ಲಿ ಹಿಂದಿನ ಬಾರಿಯ ದಾಖಲೆಯನ್ನು ಹೀಗೆ ಹುಡುಕಬಹುದು:

```
journalctl -b -1 | grep -i "power key"
```

`Power key pressed` ಎಂಬ ಸಾಲು ಸಿಕ್ಕರೆ ಆ ಸನ್ನೆ ಬಟನ್ನಿನ ದಾರಿಯಲ್ಲೇ ಬಂದಿದೆ ಎಂದರ್ಥ.

ಕಳೆದ ಮಳೆಗಾಲದಲ್ಲಿ ಕುಂದಾಪುರದ ಒಂದು ಜೆರಾಕ್ಸ್ ಅಂಗಡಿಯ ಕಂಪ್ಯೂಟರ್ ನೋಡಲು ಹೋಗಿದ್ದೆ. ಅಂಗಡಿಯವರು ಆಗಲೇ ಎಸ್‌ಎಂಪಿಎಸ್ ಬದಲಿಸಿಯಾಗಿತ್ತು, ತೊಂದರೆ ಹಾಗೇ ಇತ್ತು. ಐದು ಬಾರಿ ಅಳೆದೆ, ಐದೂ ಬಾರಿ ನಾಲ್ಕು ಸೆಕೆಂಡು ದಾಟಿದ ಕೂಡಲೇ ಆಫ್. ಪ್ಲಗ್ ಕಿತ್ತು ಕ್ಯಾಬಿನೆಟ್ಟಿನ ಪಕ್ಕದ ಬಾಗಿಲು ತೆಗೆದು, ಮದರ್‌ಬೋರ್ಡಿನ ಮೂಲೆಯಲ್ಲಿ `PWR_SW` ಎಂದು ಬರೆದಿದ್ದ ಎರಡು ತಂತಿಯ ಕನೆಕ್ಟರನ್ನು ಎಳೆದುಬಿಟ್ಟೆ. ಎಳೆಯುವ ಮೊದಲು ಅಲ್ಲಿನ ಎಲ್ಲ ಕನೆಕ್ಟರ್‌ಗಳ ಫೋಟೋ ತೆಗೆದುಕೊಂಡಿದ್ದೆ. ಮರಳಿ ಹಾಕುವಾಗ ಎಲ್‌ಇಡಿ ತಂತಿಯ ಜಾಗ ಮರೆತು ಪೇಚಾಡಬೇಕಾಗುವುದಿಲ್ಲ.

ಮತ್ತೆ ಪ್ಲಗ್ ಹಾಕಿದಾಗ ಕಂಪ್ಯೂಟರ್ ತಾನಾಗಿ ಶುರುವಾಗಲಿಲ್ಲ. ಸ್ಕ್ರೂಡ್ರೈವರ್ ತುದಿಯಿಂದ ಆ ಎರಡು ಪಿನ್‌ಗಳನ್ನು ಕ್ಷಣಮಾತ್ರ ಸೇರಿಸಿದೆ. ಶುರುವಾಯಿತು, ಅರ್ಧ ಗಂಟೆ ನಿಲ್ಲದೆ ಓಡಿತು. ಅಲ್ಲಿರುವುದು 5 ವೋಲ್ಟಿಗಿಂತ ಹೆಚ್ಚಲ್ಲದ ಸಿಗ್ನಲ್, ಕೈಗೆ ಶಾಕ್ ಹೊಡೆಯುವುದಿಲ್ಲ. ಆದರೆ ತುದಿ ಜಾರಿ ಪಕ್ಕದ ಪಿನ್‌ಗೆ ತಾಗಬಾರದು, ಹಾಗಾಗಿ ಬೋರ್ಡಿನ ಕೈಪಿಡಿಯಲ್ಲಿ ಪಿನ್ ಯಾವುದೆಂದು ಖಚಿತಪಡಿಸಿಕೊಳ್ಳಿ. ತಂತಿ ತೆಗೆದ ಮೇಲೂ ತಾನಾಗಿ ಶುರುವಾದರೆ ಬಟನ್ ನಿರಪರಾಧಿ. ಆಗ ಬಯಾಸ್‌ನಲ್ಲಿ `Restore on AC Power Loss` ಎಂಬಂಥ ಆಯ್ಕೆ ಆನ್ ಆಗಿದೆಯೇ ನೋಡಬೇಕು. ಅದು ದೋಷವಲ್ಲ, ಕರೆಂಟ್ ಬಂದಾಗ ತಾನೇ ಶುರುವಾಗಲಿ ಎಂದು ಯಾರೋ ಮಾಡಿಟ್ಟ ಏರ್ಪಾಡು.

ಇಲ್ಲಿಗೆ ದೋಷ ಬಟನ್ನಿನ ಕಡೆ ಎಂದು ತೀರ್ಮಾನವಾಯಿತು. ನಾನು ಎಡವಿದ್ದು ಇದರ ನಂತರ. ಕಳಚಿದ ಕನೆಕ್ಟರಿಗೆ ಮಲ್ಟಿಮೀಟರನ್ನು ಬೀಪ್ ಸ್ಥಾನದಲ್ಲಿಟ್ಟು ಹಿಡಿದೆ. ಬಟನ್ ಒತ್ತದಿದ್ದರೂ ಬೀಪ್ ಕೇಳಿತು. ಸ್ವಿಚ್ ಕೆಟ್ಟಿದೆ ಎಂದು ಬರೆದುಕೊಂಡು, ಹೊಸದು ತರಲು ಹೊರಟೇಬಿಟ್ಟೆ. ಅಂಗಡಿಯ ಹುಡುಗ, "ಅಣ್ಣ, ಮುಂದಿನ ಪ್ಲಾಸ್ಟಿಕ್ ಒಮ್ಮೆ ತೆಗೆದು ನೋಡಿ, ಅದು ಬಿದ್ದು ಒಂದು ಕ್ಲಿಪ್ ಮುರಿದಿತ್ತು" ಎಂದ. ಮುಂಭಾಗ ಕಳಚಿದ ಕೂಡಲೇ ಬೀಪ್ ನಿಂತಿತು. ಒಳಗಿನ ಸ್ವಿಚ್ಚನ್ನು ಬೆರಳಲ್ಲಿ ಒತ್ತಿದರೆ ಬೀಪ್, ಬಿಟ್ಟರೆ ಮೌನ. ಸ್ವಿಚ್ ಸರಿಯಾಗಿಯೇ ಇತ್ತು. ಕ್ಲಿಪ್ ಮುರಿದು ಓರೆಯಾದ ಪ್ಲಾಸ್ಟಿಕ್ ಮುಖ ಬಟನ್ನನ್ನು ಸದಾ ಒಳಕ್ಕೆ ತಳ್ಳುತ್ತಿತ್ತು. ಹೊಸ ಸ್ವಿಚ್ ಹಾಕಿದ್ದರೂ ಅದೇ ಕಥೆ ಮರುಕಳಿಸುತ್ತಿತ್ತು. ಹಾಗಾಗಿ ಮೀಟರಿನಿಂದ ಎರಡು ಬಾರಿ ಅಳೆಯಿರಿ: ಮುಂಭಾಗ ಇದ್ದ ಹಾಗೆ ಒಮ್ಮೆ, ಕಳಚಿ ಇನ್ನೊಮ್ಮೆ. ಕಳಚಿದ ಮೇಲೂ ಬೀಪ್ ಉಳಿದರೆ ಮಾತ್ರ ಸ್ವಿಚ್ ಅಥವಾ ಅದರ ತಂತಿ ಕೆಟ್ಟಿದೆ.

ಕರಾವಳಿಯ ಮಳೆಗಾಲದಲ್ಲಿ ಮೂರನೆಯ ಸಾಧ್ಯತೆಯನ್ನೂ ಮರೆಯಬಾರದು. ತೇವ, ಧೂಳು, ಚೆಲ್ಲಿದ ಚಹಾ ಸೇರಿ ಸ್ವಿಚ್ಚಿನೊಳಗೆ ಪದರ ಕಟ್ಟಿದರೆ ಮೀಟರ್ ಬೀಪ್ ಅನ್ನದೆ ಇರಬಹುದು, ಆದರೆ ಓಮ್ ಸ್ಥಾನದಲ್ಲಿ ಕೆಲವು ಸಾವಿರ ಓಮ್ ತೋರಿಸುತ್ತದೆ. ಒತ್ತದ ಸ್ವಿಚ್ ಏನನ್ನೂ ತೋರಿಸಬಾರದು. ಐಸೊಪ್ರೊಪೈಲ್ ಆಲ್ಕೊಹಾಲ್ ಹನಿಸಿ ಹತ್ತಾರು ಬಾರಿ ಒತ್ತಿ ಒಣಗಿಸಿದರೆ ಕೆಲವೊಮ್ಮೆ ಸರಿಹೋಗುತ್ತದೆ. ಆದರೂ ಅಗ್ಗಕ್ಕೆ ಸಿಗುವ ಸ್ವಿಚ್ಚಾದ್ದರಿಂದ ಬದಲಿಸುವುದೇ ನನಗೆ ಸರಿ ಕಾಣುತ್ತದೆ.

ಸ್ವಿಚ್ ಸಿಗುವ ತನಕ ಕೆಲಸ ನಿಲ್ಲಬಾರದೆಂದರೆ ರೀಸೆಟ್ ಬಟನ್ನಿನ ಕನೆಕ್ಟರನ್ನು `PWR_SW` ಪಿನ್‌ಗಳಿಗೆ ಹಾಕಿ. ಅದೂ ಒತ್ತಿದಾಗ ಮಾತ್ರ ಸೇರುವ ಸ್ವಿಚ್ಚೇ, ತಂತಿ ತಿರುವಿ ಹಾಕಿದರೂ ತೊಂದರೆಯಿಲ್ಲ. ವಿಂಡೋಸ್‌ನಲ್ಲಿ ಪವರ್ ಬಟನ್ನಿಗೆ `Do nothing` ಎಂದು ಇಟ್ಟರೆ ಕ್ಷಣಿಕ ತಾಗುವಿಕೆಯಿಂದ ಆಗುವ ಶಟ್‌ಡೌನ್ ತಪ್ಪುತ್ತದೆ. ನಾಲ್ಕು ಸೆಕೆಂಡಿನ ಕಡಿತಕ್ಕೆ ಮಾತ್ರ ಅದರಿಂದ ಏನೂ ಆಗದು.

ಕುಂದಾಪುರದ ಆ ಕ್ಯಾಬಿನೆಟ್ಟಿಗೆ ಮುರಿದ ಕ್ಲಿಪ್ಪಿನ ಜಾಗದಲ್ಲಿ ಸ್ಕ್ರೂ ಹಾಕಿ ಮುಖವನ್ನು ನೇರ ಮಾಡಿದೆವು. ಮುಂಭಾಗ ಕೂರಿಸಿದ ಮೇಲೆ ಮತ್ತೊಮ್ಮೆ ಮೀಟರ್ ಹಿಡಿದು ಇಪ್ಪತ್ತು ಬಾರಿ ಒತ್ತಿ ಬಿಟ್ಟೆ. ಇಪ್ಪತ್ತೂ ಬಾರಿ ಬೆರಳು ತೆಗೆದ ಕೂಡಲೇ ಬೀಪ್ ನಿಂತಿತು. ಆಮೇಲೆಯೇ ಕನೆಕ್ಟರನ್ನು ಬೋರ್ಡಿಗೆ ಹಾಕಿದ್ದು.